ಒಂದೇ ತೊಡೆ, ಎರಡು ಸಲ: ಒಬ್ಬ ವಿಂಗರ್‌ನ ಹ್ಯಾಮ್‌ಸ್ಟ್ರಿಂಗ್ ಪ್ರಕರಣ

ಪಂದ್ಯದ 74ನೇ ನಿಮಿಷ. ಎದುರಾಳಿ ಡಿಫೆಂಡರ್‌ಗಳ ಹಿಂದೆ ಉದ್ದನೆಯ ಪಾಸ್ ಒಂದು ಬಿತ್ತು, ನಮ್ಮ ರೈಟ್ ವಿಂಗರ್ ಅದರ ಹಿಂದೆ ಓಡಿದ. ಮೂವತ್ತು ಮೀಟರ್ ಇರಬಹುದು. ಚೆಂಡು ಇನ್ನೇನು ಸಿಕ್ಕಿತು ಅನ್ನುವಾಗ ಕೈ ಬಲತೊಡೆಯ ಹಿಂಭಾಗಕ್ಕೆ ಹೋಯಿತು, ಎರಡು ಹೆಜ್ಜೆ ಕುಂಟಿದ, ಕುಳಿತುಬಿಟ್ಟ. ಯಾರೂ ಅವನನ್ನು ಮುಟ್ಟಿರಲಿಲ್ಲ. ನಾನು ಓಡಿ ಹೋಗಿ ಏನಾಯ್ತೋ ಅಂದರೆ, "ಸರ್, ಹಿಂದಿನಿಂದ ಯಾರೋ ಕಲ್ಲಲ್ಲಿ ಹೊಡೆದಂಗಾಯ್ತು" ಅಂದ.

ಅವನಿಗೆ 21 ವರ್ಷ. ಕಾಲೇಜಿನಲ್ಲಿ 100 ಮೀಟರ್ ಓಡುತ್ತಿದ್ದ, ಆಮೇಲೆ ಫುಟ್‌ಬಾಲ್‌ಗೆ ಬಂದವನು. ಬೆಂಗಳೂರಿನ ಒಂದು ಲೀಗ್ ತಂಡಕ್ಕೆ ನಾನು ಫಿಸಿಯೊ. ಈ ಹುಡುಗನ ತೊಡೆ 27 ದಿನಗಳಲ್ಲಿ ಎರಡು ಸಲ ಹರಿಯಿತು. ಎರಡನೆಯದು ಆಗಬಾರದಿತ್ತು, ಅದರಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮೊದಲ ಗಾಯದ ಮರುದಿನ ಅವನನ್ನು ಬೋರಲು ಮಲಗಿಸಿ ನೋಡಿದೆ. ಕುಳಿತಾಗ ನೆಲಕ್ಕೆ ಒತ್ತುವ ಮೂಳೆ ಇದೆಯಲ್ಲ, ಅಲ್ಲಿಂದ ಸುಮಾರು ಒಂದು ಗೇಣು ಕೆಳಗೆ, ಹೊರಬದಿಗೆ, ಬೆರಳು ಒತ್ತಿದರೆ ನೋವು. ಮಂಡಿ ಮಡಚು ಅಂತ ಹೇಳಿ ಹಿಮ್ಮಡಿ ಹಿಡಿದು ತಡೆದರೆ ಅದೇ ಜಾಗದಲ್ಲಿ ನೋವು. ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಮೇಲೆತ್ತಿದರೆ ಎಡಗಾಲು 80 ಡಿಗ್ರಿವರೆಗೆ ಸಲೀಸಾಗಿ ಹೋಗುತ್ತಿತ್ತು, ಬಲಗಾಲು 55ಕ್ಕೇ ನಿಂತಿತು. ಒತ್ತಿ ನೋಡಿದರೆ ಗುಂಡಿ ಬಿದ್ದಂತೆ ಸಿಗುತ್ತಿರಲಿಲ್ಲ, ದೊಡ್ಡದಾಗಿ ನೀಲಿಗಟ್ಟಿರಲಿಲ್ಲ, ನಡೆಯಲು ಆಗುತ್ತಿತ್ತು. ಹಾಗಾಗಿ ಸ್ನಾಯು ಪೂರ್ತಿ ಕಿತ್ತು ಬಂದಿಲ್ಲ, ಭಾಗಶಃ ಹರಿದಿದೆ ಅಂತ ಅಂದುಕೊಂಡೆ. 'ಟಪ್' ಅಂತ ಸದ್ದು ಕೇಳಿಸಿ, ತೊಡೆ ತುಂಬ ಕಪ್ಪಾಗಿ, ಕಾಲೂರಲೂ ಆಗದಿದ್ದರೆ ಫಿಸಿಯೊ ಹತ್ತಿರ ಕಾಲ ಕಳೆಯಬಾರದು, ಎಂಆರ್‌ಐ ಮಾಡಿಸಿ ಮೂಳೆ ಡಾಕ್ಟರ್‌ಗೆ ತೋರಿಸಬೇಕು.

ಇಲ್ಲಿ ಸ್ವಲ್ಪ ನಿಂತು, ಯಾರೂ ಮುಟ್ಟದೆ ತೊಡೆ ಯಾಕೆ ಹರಿಯುತ್ತದೆ ಅಂತ ನೋಡೋಣ.

ಹ್ಯಾಮ್‌ಸ್ಟ್ರಿಂಗ್ ಅಂದರೆ ತೊಡೆಯ ಹಿಂಭಾಗದ ಸ್ನಾಯುಗಳ ಗುಂಪು. ಈ ಸ್ನಾಯುಗಳಲ್ಲಿ ಹೆಚ್ಚಿನವು ಕುಳಿತುಕೊಳ್ಳುವ ಮೂಳೆಯಿಂದ ಹೊರಟು ಮಂಡಿ ದಾಟಿ ಕೆಳಗಾಲಿಗೆ ಅಂಟಿಕೊಳ್ಳುತ್ತವೆ. ಅಂದರೆ ಸೊಂಟದ ಕೀಲು, ಮಂಡಿ ಕೀಲು, ಎರಡರ ಮೇಲೂ ಕೆಲಸ ಮಾಡುತ್ತವೆ. ಪೂರ್ತಿ ವೇಗದಲ್ಲಿ ಓಡುವವನನ್ನು ಪಕ್ಕದಿಂದ ನಿಧಾನಗತಿಯ ವಿಡಿಯೊದಲ್ಲಿ ನೋಡಿ. ಕಾಲು ಮುಂದಕ್ಕೆ ಬೀಸಿದೆ, ತೊಡೆ ಮೇಲೆದ್ದಿದೆ, ಕೆಳಗಾಲು ಮುಂದಕ್ಕೆ ಚಿಮ್ಮುತ್ತಿದೆ, ಪಾದ ಇನ್ನೂ ನೆಲ ಮುಟ್ಟಿಲ್ಲ. ಆ ಕ್ಷಣದಲ್ಲಿ ಹ್ಯಾಮ್‌ಸ್ಟ್ರಿಂಗ್ ಎರಡೂ ತುದಿಗಳಿಂದ ಎಳೆಸಿಕೊಂಡಿರುತ್ತದೆ. ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಮುಂದಕ್ಕೆ ಚಿಮ್ಮುವ ಕೆಳಗಾಲಿಗೆ ಬ್ರೇಕ್ ಹಾಕುವ ಕೆಲಸವೂ ಅದರದ್ದೇ. ಉದ್ದವಾಗುತ್ತಲೇ ಬಲ ಹಾಕಬೇಕು. ಇದನ್ನೇ ನಾವು ಎಕ್ಸೆಂಟ್ರಿಕ್ ಕೆಲಸ ಅನ್ನುತ್ತೇವೆ. ಬಾವಿಯಿಂದ ಕೊಡ ಸೇದುವುದಲ್ಲ, ತುಂಬಿದ ಕೊಡವನ್ನು ಹಗ್ಗ ಬಿಗಿಹಿಡಿದು ನಿಧಾನಕ್ಕೆ ಇಳಿಬಿಡುವುದು. ಕೈ ಉರಿಯುವುದು ಆವಾಗಲೇ ಅಲ್ವಾ?

ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಓಟದ ವೇಗ 80 ಪ್ರತಿಶತದಿಂದ 100 ಪ್ರತಿಶತಕ್ಕೆ ಏರಿದಾಗ ಸ್ನಾಯು ಹಿಗ್ಗುವ ಉದ್ದ ಅಷ್ಟೇನೂ ಬದಲಾಗುವುದಿಲ್ಲ. ಜಾಸ್ತಿಯಾಗುವುದು ಬ್ರೇಕ್ ಹಾಕುವ ಕೆಲಸ, ಅದೂ ಬಹಳ ಜಾಸ್ತಿ. ಹಾಗಾಗಿ "ಜಾಗಿಂಗ್ ಮಾಡಿದೆ, ಏನೂ ಆಗಲಿಲ್ಲ" ಅನ್ನುವುದು ಸ್ಪ್ರಿಂಟ್ ಬಗ್ಗೆ ಏನನ್ನೂ ಹೇಳುವುದಿಲ್ಲ. "ನಾನು ಚೆನ್ನಾಗಿ ಬಗ್ಗುತ್ತೇನೆ, ಕೈ ನೆಲಕ್ಕೆ ತಾಗುತ್ತದೆ" ಅನ್ನುವುದೂ ಅಷ್ಟೇ. ನಮ್ಮ ಹುಡುಗನ ಕೈ ಆರಾಮಾಗಿ ನೆಲ ಮುಟ್ಟುತ್ತಿತ್ತು.

ಓಡುವಾಗ ಆಗುವ ಗಾಯ ಹೆಚ್ಚಾಗಿ ಹೊರಬದಿಯ ಸ್ನಾಯುವಿಗೆ, ಬೈಸೆಪ್ಸ್ ಫೆಮೊರಿಸ್‌ನ ಉದ್ದನೆಯ ತಲೆಗೆ ಆಗುತ್ತದೆ. ಬೀಸುವ ಹಂತದ ಕೊನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಗ್ಗುವುದು ಅದೇ. ನಮ್ಮ ಹುಡುಗನ ನೋವೂ ಅಲ್ಲೇ ಇತ್ತು. 2017ರ ಆಗಸ್ಟ್‌ನಲ್ಲಿ ಲಂಡನ್ ವಿಶ್ವ ಚಾಂಪಿಯನ್‌ಶಿಪ್‌ನ 4x100 ರಿಲೇ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಕೊನೆಯ ಲೆಗ್ ಓಡುತ್ತಾ ಎಡತೊಡೆ ಹಿಡಿದುಕೊಂಡು ಬಿದ್ದದ್ದನ್ನು ನೆನಪಿಸಿಕೊಳ್ಳಿ. ಅಲ್ಲೂ ಯಾರೂ ಮುಟ್ಟಿರಲಿಲ್ಲ. ಬ್ಯಾಟನ್ ಸಿಕ್ಕಮೇಲೆ ವೇಗ ಏರುತ್ತಿದ್ದಾಗಲೇ ಆದದ್ದು.

ಈಗ ನಾವು ಮಾಡಿದ ತಪ್ಪಿಗೆ ಬರುತ್ತೇನೆ.

ಮೊದಲ ಗಾಯದ ನಂತರ ಐಸ್, ಎರಡು ದಿನ ವಿಶ್ರಾಂತಿ, ಆಮೇಲೆ ಮೆಲ್ಲಗೆ ಸ್ಟ್ರೆಚಿಂಗ್, ಸೈಕಲ್, ಜಾಗಿಂಗ್. 16ನೇ ದಿನ ಅವನಿಗೆ ನೋವಿಲ್ಲ. ಜಿಗಿಯುತ್ತಾನೆ, ಒದೆಯುತ್ತಾನೆ, ನಗುತ್ತಾನೆ. 19ನೇ ದಿನ ಕೋಚ್ ಅರ್ಧ ಪಂದ್ಯ ಆಡಿಸಿದರು. ನಾನೂ ಹೂಂ ಅಂದೆ. 27ನೇ ದಿನ ಅಭ್ಯಾಸದ ಕೊನೆಯಲ್ಲಿ 40 ಮೀಟರ್ ಸ್ಪ್ರಿಂಟ್ ಓಡಿಸುವಾಗ, ಆರನೆಯದೋ ಏಳನೆಯದೋ, ಅದೇ ಜಾಗ ಹರಿಯಿತು. ಈ ಸಲ ನಡೆಯುವುದಕ್ಕೇ ಕಷ್ಟ. ಮೂರನೇ ದಿನ ಮಂಡಿಯ ಹಿಂದಿನವರೆಗೆ ನೀಲಿ ಇಳಿದಿತ್ತು.

ಹಿಂದೆ ಒಮ್ಮೆ ಹರಿದಿರುವುದೇ ಮತ್ತೆ ಹರಿಯುವುದಕ್ಕೆ ಇರುವ ದೊಡ್ಡ ಕಾರಣ. ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ 2001ರಿಂದ ನಡೆಯುತ್ತಿರುವ ಯುಇಎಫ್‌ಎ ಗಾಯಗಳ ಅಧ್ಯಯನದಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳಲ್ಲಿ ಸುಮಾರು ಐದರಲ್ಲಿ ಒಂದು ಹಳೆಯದೇ ಮರುಕಳಿಸಿದ್ದು, ಮತ್ತು ಅಂಥವುಗಳಲ್ಲಿ ಮೂರನೇ ಎರಡರಷ್ಟು ಆಟಗಾರ ಮೈದಾನಕ್ಕೆ ಮರಳಿದ ಎರಡು ತಿಂಗಳೊಳಗೆ ಆದವು. ಎಲ್ಲ ಸೌಲಭ್ಯ ಇರುವವರಿಗೇ ಹೀಗೆ. ನಾವು ಎಂಟೇ ದಿನಕ್ಕೆ ಆ ಲೆಕ್ಕಕ್ಕೆ ಸೇರಿದೆವು.

ಎರಡನೇ ಗಾಯ ಸ್ವಲ್ಪ ತಣ್ಣಗಾದ ಮೇಲೆ, ನಾಲ್ಕನೇ ವಾರದಲ್ಲಿ, ನಾನು ಮೊದಲೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಅಂಗಾತ ಮಲಗಿ, ಒಂದು ಕಾಲಿನ ಹಿಮ್ಮಡಿಯನ್ನು ಮಂಡಿ ಎತ್ತರದ ಪೆಟ್ಟಿಗೆಯ ಮೇಲಿಟ್ಟು, ಮಂಡಿ ತುಸು ಮಡಚಿ, ಆ ಒಂದೇ ಕಾಲಿನ ಬಲದಲ್ಲಿ ಸೊಂಟ ಎತ್ತಿ ಇಳಿಸುವುದು. ಇದನ್ನು ಬ್ರಿಜ್ ಅನ್ನುತ್ತೇವೆ. ಸೋಲುವವರೆಗೆ ಎಣಿಸಬೇಕು. ಎಡಗಾಲಲ್ಲಿ 28 ಸಲ, ಬಲಗಾಲಲ್ಲಿ 15. ನೋವಿಲ್ಲ, ಬಲವೂ ಇಲ್ಲ. ಗಾಯ ಆರಿದಾಗ ಮೊದಲು ಹೋಗುವುದು ನೋವು, ಕೊನೆಗೆ ಬರುವುದು ಉದ್ದವಾಗುತ್ತಾ ತಡೆಯುವ ಬಲ. ನಡುವಿನ ಆ ವಾರಗಳಲ್ಲೇ ನಾವು ಅವನನ್ನು ಸ್ಪ್ರಿಂಟ್ ಓಡಿಸಿದ್ದೆವು.

ಇನ್ನೊಂದು ವಿಷಯ ಹುಡುಕುತ್ತಾ ಹೋದಾಗ ಸಿಕ್ಕಿತು. ಸೀಸನ್‌ಗೆ ಮುಂಚೆ ಇಡೀ ತಂಡಕ್ಕೆ ನಾರ್ಡಿಕ್ ಕರ್ಲ್ ಶುರು ಮಾಡಿಸಿದ್ದೆವು. ಮೊದಲ ದಿನವೇ ಮೂರು ಸೆಟ್, ಒಂದೊಂದರಲ್ಲಿ ಹತ್ತು. ಮರುದಿನ, ಅದರ ಮರುದಿನ ಹುಡುಗರಿಗೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ, ಬೈಕ್ ಹತ್ತುವಾಗ ಅಯ್ಯೋ ಅನ್ನುತ್ತಿದ್ದರು. ಮೂರನೇ ಸಲಕ್ಕೆ ಅರ್ಧ ಜನ ಒಂದೊಂದು ನೆಪ ಹೇಳಿದರು, ಎರಡನೇ ವಾರಕ್ಕೆ ಕೋಚ್ "ಕಾಲು ಭಾರ ಆಗ್ತಿದೆ, ಬಿಡಿ" ಅಂದರು. ನಮ್ಮ ವಿಂಗರ್ ಒಟ್ಟು ಮಾಡಿದ್ದು ಎರಡು ದಿನ. ವ್ಯಾಯಾಮ ಸರಿ ಇತ್ತು, ಪ್ರಮಾಣ ತಪ್ಪಿತ್ತು. ಈ ಪ್ರಕರಣದಿಂದ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ.

ನಾರ್ಡಿಕ್ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೆತ್ತಗಿನ ಮ್ಯಾಟ್ ಮೇಲೆ ಮಂಡಿಯೂರಿ ನೆಟ್ಟಗೆ ನಿಲ್ಲಬೇಕು. ಮಂಡಿಯ ಕೆಳಗೆ ಮಡಚಿದ ಟವೆಲ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತೊಡೆಗೆ ಮುಂಚೆ ಮಂಡಿ ದೂರುತ್ತದೆ. ಜೊತೆಗಾರ ಹಿಂದೆ ಕುಳಿತು, ಹಿಮ್ಮಡಿಯ ಸ್ವಲ್ಪ ಮೇಲೆ ಎರಡೂ ಕೈಯಲ್ಲಿ ಹಿಡಿದು, ತನ್ನ ಮೈಭಾರ ಹಾಕಿ ನೆಲಕ್ಕೆ ಒತ್ತಬೇಕು. ಆಮೇಲೆ ಮಂಡಿಯಿಂದ ಭುಜದವರೆಗೆ ಹಲಗೆಯಂತೆ ನೇರವಾಗಿದ್ದು, ಎಷ್ಟು ನಿಧಾನಕ್ಕೆ ಸಾಧ್ಯವೋ ಅಷ್ಟು ನಿಧಾನಕ್ಕೆ ಮುಂದಕ್ಕೆ ವಾಲಬೇಕು. ಬೀಳದಂತೆ ತಡೆಯುವುದು ತೊಡೆಯ ಹಿಂಭಾಗ ಮಾತ್ರ. ಎಲ್ಲೋ ಒಂದು ಹಂತದಲ್ಲಿ ಹಿಡಿತ ತಪ್ಪುತ್ತದೆ. ಆಗ ಕೈಯೂರಿ ಬೀಳಬೇಕು, ಎದೆ ನೆಲ ಮುಟ್ಟಲಿ, ಮತ್ತೆ ಕೈಯಿಂದ ತಳ್ಳಿಕೊಂಡೇ ಮೇಲೇಳಬೇಕು. ಕಾಲಿನಿಂದ ಎಳೆದುಕೊಂಡು ಏಳುವ ಅಗತ್ಯ ಇಲ್ಲ, ಕೆಲಸ ಇರುವುದು ಇಳಿಯುವಾಗ.

ಎಲ್ಲರೂ ಮಾಡುವ ಕಳ್ಳಾಟ ಒಂದೇ. ಸೊಂಟ ಮಡಚುವುದು, ಕುಂಡಿ ಹಿಂದಕ್ಕೆ ಹೋಗುವುದು. ಹಾಗೆ ಮಾಡಿದರೆ ಭಾರ ಕಡಿಮೆಯಾಗುತ್ತದೆ, ತುಂಬಾ ಕೆಳಗೆ ಇಳಿದಂತೆ ಕಾಣುತ್ತದೆ, ತೊಡೆಗೆ ಕೆಲಸ ಸಿಗುವುದಿಲ್ಲ. ಪಕ್ಕದಿಂದ ಫೋನ್‌ನಲ್ಲಿ ವಿಡಿಯೊ ಮಾಡಿದರೆ ಇದು ಕೂಡಲೇ ಗೊತ್ತಾಗುತ್ತದೆ. ನಮ್ಮ ಹತ್ತಿರ ಬಲ ಅಳೆಯುವ ದುಬಾರಿ ಯಂತ್ರ ಇರಲಿಲ್ಲ, ಹಾಗಾಗಿ ಅದೇ ವಿಡಿಯೊದಲ್ಲಿ ಹಿಡಿತ ತಪ್ಪುವ ಕೋನವನ್ನೂ ಅಳೆದೆವು. ನೆಟ್ಟಗಿನಿಂದ ಎಷ್ಟು ಡಿಗ್ರಿ ವಾಲಿದಾಗ ಅವನು ದಡ್ ಅಂತ ಬೀಳುತ್ತಾನೆ ಅನ್ನುವುದು. ಶುರುವಿನಲ್ಲಿ ಸುಮಾರು 30.

ಪ್ರಮಾಣಕ್ಕೆ ನಾವು ಮೊರೆಹೋದದ್ದು ಡೆನ್ಮಾರ್ಕ್‌ನ ಪ್ರಯೋಗಕ್ಕೆ. 2011ರಲ್ಲಿ ಪ್ರಕಟವಾಯಿತು, ಯೆಸ್ಪರ್ ಪೀಟರ್ಸನ್ ಮತ್ತು ಸಂಗಡಿಗರದ್ದು. 50 ತಂಡ, 942 ಆಟಗಾರರು. ಅರ್ಧದಷ್ಟು ತಂಡಗಳು ಎಂದಿನ ಅಭ್ಯಾಸದ ಜೊತೆ ನಾರ್ಡಿಕ್ ಮಾಡಿದವು, ಉಳಿದವು ಎಂದಿನ ಅಭ್ಯಾಸ ಮಾತ್ರ. ಒಂದು ವರ್ಷದಲ್ಲಿ ನಾರ್ಡಿಕ್ ಗುಂಪಿನಲ್ಲಿ 15 ಹ್ಯಾಮ್‌ಸ್ಟ್ರಿಂಗ್ ಗಾಯ, ಇನ್ನೊಂದರಲ್ಲಿ 52. ಮರುಕಳಿಸುವ ಗಾಯದಲ್ಲಿ ಇಳಿಕೆ ಇನ್ನೂ ದೊಡ್ಡದು, ಸುಮಾರು 85 ಪ್ರತಿಶತ. ನಮ್ಮ ಹುಡುಗನಂಥವರಿಗೇ ಇದರ ಲಾಭ ಜಾಸ್ತಿ ಅಂತಾಯಿತು.

ನನ್ನ ಗಮನ ಸೆಳೆದದ್ದು ಆ ಸಂಖ್ಯೆಗಳಿಗಿಂತ ಅವರು ಹತ್ತಿದ ಮೆಟ್ಟಿಲು. ಮೊದಲ ವಾರ ಒಂದೇ ದಿನ, ಐದರಂತೆ ಎರಡು ಸೆಟ್. ಅಷ್ಟೇ. ಒಟ್ಟು ಹತ್ತು. ಎರಡನೇ ವಾರ ಎರಡು ದಿನ, ಆರರಂತೆ ಎರಡು ಸೆಟ್. ಮೂರನೇ ವಾರ ಮೂರು ದಿನ, ಆರರಿಂದ ಎಂಟರಂತೆ ಮೂರು ಸೆಟ್, ನಾಲ್ಕನೇ ವಾರ ಎಂಟರಿಂದ ಹತ್ತರಂತೆ. ಐದರಿಂದ ಹತ್ತನೇ ವಾರದವರೆಗೆ ಮೂರು ದಿನ, ಮೂರು ಸೆಟ್‌ಗಳಲ್ಲಿ ಕ್ರಮವಾಗಿ 12, 10, 8. ಆಮೇಲೆ ಸೀಸನ್ ಪೂರ್ತಿ ವಾರಕ್ಕೆ ಒಂದೇ ದಿನ. ನಾವು ಮೊದಲ ದಿನವೇ ಮಾಡಿಸಿದ್ದು ಅವರ ನಾಲ್ಕನೇ ವಾರದ ಪ್ರಮಾಣ! ಉದ್ದವಾಗುತ್ತಾ ಬಲ ಹಾಕುವ ಕೆಲಸಕ್ಕೆ ಹೊಸಬನಾದ ಸ್ನಾಯು ಎರಡು ದಿನ ನೋಯುತ್ತದೆ. ಆದರೆ ಚಿಕ್ಕದೊಂದು ಪ್ರಮಾಣಕ್ಕೆ ಒಮ್ಮೆ ಒಗ್ಗಿತು ಅಂದರೆ ಮುಂದಿನ ಸಲ ಅಷ್ಟು ನೋಯುವುದಿಲ್ಲ. ಮೊದಲ ವಾರದ ಆ ಹತ್ತು ಇರುವುದು ಅದಕ್ಕೇ.

ಇದರಿಂದ ತೊಡೆಯಲ್ಲಿ ಏನು ಬದಲಾಗುತ್ತದೆ? ಎರಡು ವಿಷಯ ಅಳತೆಗೆ ಸಿಕ್ಕಿವೆ. ಒಂದು, ಬ್ರೇಕ್ ಹಾಕುವ ಬಲ ಏರುತ್ತದೆ. 2004ರಲ್ಲಿ ನಾರ್ವೆಯಲ್ಲಿ ಹತ್ತು ವಾರ ನಾರ್ಡಿಕ್ ಮಾಡಿದವರ ಎಕ್ಸೆಂಟ್ರಿಕ್ ಬಲ ಸುಮಾರು 11 ಪ್ರತಿಶತ ಹೆಚ್ಚಿತು, ಜಿಮ್‌ನ ಮಾಮೂಲಿ ಲೆಗ್ ಕರ್ಲ್ ಮಾಡಿದವರದ್ದು ಬದಲಾಗಲಿಲ್ಲ. ಇನ್ನೊಂದು, ಸ್ನಾಯುವಿನೊಳಗಿನ ಎಳೆಗಳ ಕಟ್ಟು ಉದ್ದವಾಗುತ್ತದೆ. ಹತ್ತು ರಬ್ಬರ್ ಬ್ಯಾಂಡ್ ಒಂದಕ್ಕೊಂದು ಗಂಟು ಹಾಕಿ ಒಂದು ಅಡಿ ಎಳೆಯಿರಿ, ಆಮೇಲೆ ಹದಿನೈದು ಹಾಕಿ ಅಷ್ಟೇ ಎಳೆಯಿರಿ. ಎರಡನೆಯದರಲ್ಲಿ ಒಂದೊಂದು ಬ್ಯಾಂಡಿಗೂ ಬರುವ ಹಿಗ್ಗು ಕಡಿಮೆ. ಹೀಗೇ ಆಗುತ್ತಿರಬೇಕು ಅನ್ನುವುದು ತಜ್ಞರ ಊಹೆ. ಆಸ್ಟ್ರೇಲಿಯಾದ ವೃತ್ತಿಪರ ಫುಟ್‌ಬಾಲಿಗರನ್ನು ಅಳೆದಾಗ, ಬೈಸೆಪ್ಸ್ ಫೆಮೊರಿಸ್‌ನ ಎಳೆ ಗಿಡ್ಡ ಇದ್ದವರಿಗೆ ಆ ಸೀಸನ್‌ನಲ್ಲಿ ಗಾಯದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಇತ್ತು.

ಇನ್ನು ನಮ್ಮ ಹುಡುಗ. ಎರಡನೇ ಗಾಯದ ನಂತರ ಮೊದಲ ಮೂರು ವಾರ ನಾರ್ಡಿಕ್ ಇಲ್ಲ. ಹಸಿ ಗಾಯಕ್ಕೆ ಅದು ಸಲ್ಲದು. ಎರಡು ಕಾಲಿನ ಬ್ರಿಜ್, ಆಮೇಲೆ ಒಂದು ಕಾಲಿನದು, ನಂತರ ಮಂಡಿ ತುಸು ಮಡಚಿ ಸೊಂಟದಿಂದ ಬಾಗಿ ಭಾರ ಎತ್ತುವ ರೊಮೇನಿಯನ್ ಡೆಡ್‌ಲಿಫ್ಟ್, ಹಗುರವಾಗಿ. ನಾಲ್ಕನೇ ವಾರ ನಾರ್ಡಿಕ್, ಅದೂ ಎದೆಗೆ ದಪ್ಪ ರಬ್ಬರ್ ಬ್ಯಾಂಡ್ ಕಟ್ಟಿ ಹಿಂದಿನಿಂದ ಹಿಡಿದು, ಅರ್ಧ ಭಾರ ಇಳಿಸಿ. ಐದನೇ ವಾರದಿಂದ ಡೆನ್ಮಾರ್ಕ್ ಮೆಟ್ಟಿಲು, ಮೊದಲಿನಿಂದ.

ಓಟವನ್ನೂ ಹಾಗೇ ಕಟ್ಟಿದೆವು. 60 ಪ್ರತಿಶತ ವೇಗ, ನೋವಿಲ್ಲದಿದ್ದರೆ ಎರಡು ದಿನ ಬಿಟ್ಟು 70, ಹಾಗೇ 80, 85, 90. ತೊಂಬತ್ತರ ಮೇಲಿನ ಪ್ರತಿ ಹೆಜ್ಜೆಗೂ ಒಂದು ವಾರ ಕೊಟ್ಟೆವು, ಬ್ರೇಕಿನ ಕೆಲಸ ಏರುವುದು ಅಲ್ಲೇ ಅಂತ ಈಗ ಗೊತ್ತಿತ್ತಲ್ಲ.

ಒಂಬತ್ತನೇ ವಾರ ಅವನು "ಸರ್, ಫುಲ್ ಫಿಟ್" ಅಂದ. ಒತ್ತಿದರೆ ನೋವಿಲ್ಲ, ಎರಡೂ ಕಾಲು 80 ಡಿಗ್ರಿ, ಬ್ರಿಜ್ 28 ಮತ್ತು 26. ಕೊನೆಗೆ ಎಚ್-ಟೆಸ್ಟ್ ಅನ್ನುವುದೊಂದು ಮಾಡಿಸಿದೆ. ಅಂಗಾತ ಮಲಗಿ, ಮಂಡಿ ನೇರ ಇಟ್ಟು, ಆ ಕಾಲನ್ನು ಆದಷ್ಟು ಜೋರಾಗಿ ಮೇಲಕ್ಕೆ ಚಿಮ್ಮಿಸುವುದು. ನೋವು ಕೇಳುವುದಿಲ್ಲ, ಅಳುಕು ಆಯಿತಾ ಅಂತ ಕೇಳುವುದು. ಎಡಗಾಲು ರಪ್ ಅಂತ ಎದ್ದಿತು. ಬಲಗಾಲು ಅರ್ಧ ದಾರಿಯಲ್ಲಿ ಒಂದು ಕ್ಷಣ ತಡೆದಂತಾಯಿತು. ಅವನೂ ಮುಖ ಮುದುಡಿ "ಸ್ವಲ್ಪ ಭಯ ಆಯ್ತು ಸರ್" ಅಂದ. ನಾನು ಇಲ್ಲ ಅಂದೆ. ಕೋಚ್‌ಗೆ ಬೇಜಾರಾಯಿತು. ಇನ್ನೂ ಹತ್ತು ದಿನ ಹಿಡಿಯಿತು, ಎರಡೂ ಕಾಲು ಒಂದೇ ಥರ ಚಿಮ್ಮಿದ ಮೇಲೆ ಬಿಟ್ಟೆ. ಅಷ್ಟು ಹೊತ್ತಿಗೆ ನಾರ್ಡಿಕ್‌ನಲ್ಲಿ ಹಿಡಿತ ತಪ್ಪುವ ಕೋನ 30ರಿಂದ 50ರ ಹತ್ತಿರ ಹೋಗಿತ್ತು.

ಆಮೇಲೆ ಆ ಸೀಸನ್‌ನಲ್ಲಿ, ಮುಂದಿನದರಲ್ಲೂ ಅವನ ತೊಡೆ ಹರಿಯಲಿಲ್ಲ. ಇಡೀ ತಂಡಕ್ಕೆ ಈ ಸಲ ಮೊದಲ ವಾರ ಹತ್ತೇ ಹತ್ತು ಅಂತ ಶುರು ಮಾಡಿಸಿದೆವು, ಅಭ್ಯಾಸ ಮುಗಿದ ಮೇಲೆ, ಪಂದ್ಯದ ಹಿಂದಿನ ದಿನ ಮಾತ್ರ ಬೇಡ ಅಂತ. ಯಾರೂ ಬಿಡಲಿಲ್ಲ. ಹಿಂದಿನ ವರ್ಷ ಐದು ಹ್ಯಾಮ್‌ಸ್ಟ್ರಿಂಗ್ ಗಾಯ, ಈ ವರ್ಷ ಎರಡು. ಒಂದು ತಂಡದ ಒಂದು ವರ್ಷ ಪುರಾವೆಯಲ್ಲ, ಅದೃಷ್ಟವೂ ಇರಬಹುದು. ಆದರೂ ನನಗೆ ನೆಮ್ಮದಿಯಾಯಿತು.

ನಾರ್ಡಿಕ್ ಎಲ್ಲದಕ್ಕೂ ಮದ್ದಲ್ಲ ಅನ್ನುವುದನ್ನೂ ಹೇಳಲೇಬೇಕು. ಅದರಲ್ಲಿ ಮಂಡಿ ಮಾತ್ರ ಚಲಿಸುತ್ತದೆ, ಸೊಂಟ ನೇರ ಇರುತ್ತದೆ. ಸ್ಪ್ರಿಂಟ್‌ನಲ್ಲಿ ಸೊಂಟವೂ ಮಡಚಿರುತ್ತದೆ. ನಾರ್ಡಿಕ್‌ನಲ್ಲಿ ಒಳಬದಿಯ ಸೆಮಿಟೆಂಡಿನೋಸಸ್ ಹೆಚ್ಚು ದುಡಿಯುತ್ತದೆ, ಗಾಯವಾಗುವುದು ಹೊರಬದಿಯದಕ್ಕೆ. ಹಾಗಾಗಿ ನಾನು ಡೆಡ್‌ಲಿಫ್ಟ್ ಬಿಡುವುದಿಲ್ಲ. ದೊಡ್ಡ ಪ್ರಯೋಗಗಳು ಹೆಚ್ಚಾಗಿ ಗಂಡಸರ ಫುಟ್‌ಬಾಲ್‌ನಲ್ಲಿ ನಡೆದಿವೆ, ಆದ್ದರಿಂದ ಸ್ಪ್ರಿಂಟರ್‌ಗಳಿಗೆ ನಾನು ಇದನ್ನು ಹೇಳುವಾಗ ಅಲ್ಲಿಂದ ಇಲ್ಲಿಗೆ ಎಳೆದುಕೊಂಡು ಹೇಳುತ್ತಿದ್ದೇನೆ ಅನ್ನುವುದು ನನಗೆ ನೆನಪಿರುತ್ತದೆ. 2019ರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಕ್ರೀಡಾಪಟುಗಳ ಅಧ್ಯಯನಗಳನ್ನು ಒಟ್ಟು ಮಾಡಿ ಗಾಯ ಅರ್ಧಕ್ಕೆ ಇಳಿಯುತ್ತದೆ ಅಂದರು, ಆಮೇಲೆ ಅದೇ ಲೆಕ್ಕವನ್ನು ಮತ್ತೆ ನೋಡಿದವರು ಅಷ್ಟು ಖಚಿತವಾಗಿ ಹೇಳಲಾಗದು ಅಂದರು. ನಾನು ಅದನ್ನು ಬಿಡದಿರುವುದಕ್ಕೆ ಕಾರಣ ಸರಳ: ವಾರಕ್ಕೆ ಹತ್ತು ನಿಮಿಷ, ಒಂದು ಮ್ಯಾಟ್, ಒಬ್ಬ ಜೊತೆಗಾರ ಸಾಕು.

ವೇಗದ ಓಟವನ್ನು ತಪ್ಪಿಸಿ ನಾರ್ಡಿಕ್ ಮಾತ್ರ ಮಾಡಿಸಿದರೂ ಆಗುವುದಿಲ್ಲ. ಮೂರು ವಾರ ಸ್ಪ್ರಿಂಟೇ ಇಲ್ಲದೆ ನಾಲ್ಕನೇ ವಾರ ದಿಢೀರಂತ ಓಡಿಸಿದರೆ ಎಷ್ಟು ಬಲ ಇದ್ದರೂ ತೊಡೆ ಸೋಲುತ್ತದೆ. ನಮ್ಮ ತಂಡದಲ್ಲಿ ಈ ವರ್ಷ ಆದ ಎರಡು ಗಾಯದಲ್ಲಿ ಒಂದು ಹಾಗೇ ಆದದ್ದು, ದೀಪಾವಳಿ ರಜೆಯ ನಂತರ.

ಹೋದ ತಿಂಗಳು ವಿಂಗರ್‌ಗೆ ಪರೀಕ್ಷೆ ಇತ್ತು, ಮೂರು ವಾರ ಅಭ್ಯಾಸಕ್ಕೆ ಬರಲಿಲ್ಲ. ನಾರ್ಡಿಕ್ ನಿಲ್ಲಿಸಿದ ಎರಡು ವಾರದಲ್ಲೇ ಉದ್ದವಾದ ಎಳೆ ಮತ್ತೆ ಗಿಡ್ಡವಾಗತೊಡಗುತ್ತದೆ ಅಂತ ಅಳೆದು ನೋಡಿದ್ದಾರೆ. ಹಾಗಾಗಿ ವಾಪಸ್ ಬಂದ ದಿನ ಅವನು 12, 10, 8ಕ್ಕೆ ಮಂಡಿಯೂರಿದಾಗ ನಾನು ತಡೆದೆ. ಎರಡನೇ ವಾರದ ಮೆಟ್ಟಿಲಿಂದ, ಆರರಂತೆ ಎರಡು ಸೆಟ್ ಮಾಡಿಸಿ, ಆ ದಿನದ ಓಟವನ್ನು 80ಕ್ಕೇ ನಿಲ್ಲಿಸಿದೆ. ಫೋನ್‌ನಲ್ಲಿ ಕೋನ ನೋಡಿದರೆ 42ಕ್ಕೆ ಇಳಿದಿತ್ತು.